ಬಹುತೇಕ ಅಲ್ಲ, ನಲವತ್ತೊಂದು ಮನೆ

ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಬೇಕರಿ. ಅದರ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಒಂದು ಅಧ್ಯಯನ ಕೇಂದ್ರ. ಭಾಗ್ಯಶ್ರೀ ಅಲ್ಲಿ ಕ್ಷೇತ್ರ ಸಮೀಕ್ಷಕಿ. ಇದು ಭಾರಿ ಹುದ್ದೆ ಎಂದು ಅವಳ ಗಂಡನ ಮನೆಯವರು ತಿಳಿದಿದ್ದಾರೆ. ಫಾರಂ ಹಿಡಿದುಕೊಂಡು ಬಿಸಿಲಲ್ಲಿ ಕಂಡವರ ಬಾಗಿಲು ತಟ್ಟುವ ಕೆಲಸ ಇದು ಎಂದು ತಿಳಿಸಿ ಹೇಳುವ ಗೋಜಿಗೆ ಅವಳು ಹೋಗಿಲ್ಲ.

ಅವಳು ಹುಟ್ಟಿದ್ದು ಲಿಂಗಸೂಗೂರಿನ ಕಡೆ, ಬೆಳೆದದ್ದು ಬೆಂಗಳೂರಿನ ಅಂಚಿನ ಅರೆಕಟ್ಟಿದ ಕಟ್ಟಡಗಳಲ್ಲಿ. ಅಪ್ಪ ಯಂಕಪ್ಪ ಗಾರೆ ಕೆಲಸದವನು. ಕಟ್ಟಡ ಮುಗಿದಂತೆ ಮನೆಯೂ ಬದಲು, ಶಾಲೆಯೂ ಬದಲು. ಐದನೇ ತರಗತಿಯನ್ನು ಅವಳು ಮೂರು ಶಾಲೆಗಳಲ್ಲಿ ಓದಿದಳು. ಒಂದು ಸಲ ಗಾರೆ ಕಲಸುವಾಗ ಆಟಕ್ಕೆಂದು ಇನ್ನೆರಡು ಬಾಂಡ್ಲಿ ಮರಳು ಸುರಿದಿದ್ದಳು. ಯಂಕಪ್ಪ ಹೊಡೆಯಲಿಲ್ಲ. "ಒಂದಕ್ಕ ನಾಕು ಅಂದ್ರ ನಾಕ ಹಾಕ್ಬೇಕವಾ. ಸಿಮೆಂಟಿನಾಗ 'ಸ್ವಲ್ಪ' ಅನ್ನೋ ಅಳತಿ ಇಲ್ಲ," ಎಂದು ಅಷ್ಟನ್ನೂ ಎತ್ತಿ ಬದಿಗೆ ಹಾಕಿ ಮತ್ತೆ ಕಲಸಿದ್ದ. ಆ ಮಾತು ಮಗಳ ತಲೆಯಲ್ಲಿ ಉಳಿಯಿತು. ಉಳಿದು ಏನು ಪ್ರಯೋಜನ, ಬೇಕಾದಾಗ ನೆನಪಾಗಲಿಲ್ಲವಲ್ಲ ಎಂದು ಅವಳು ಮುಂದೆ ತನ್ನನ್ನೇ ಬೈದುಕೊಂಡದ್ದುಂಟು. ಆ ಕಥೆಯೇ ಇದು.

ಕೇಂದ್ರದ ಮುಖ್ಯಸ್ಥೆ ಜ್ಯೋತಿಲಕ್ಷ್ಮಿ ಜಿಗಣಿಯವರು, ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರು. ಒಳ್ಳೆಯ ಮನಸ್ಸು, ಅದಕ್ಕಿಂತ ಒಳ್ಳೆಯ ಭಾಷಣ. ವರದಿಯನ್ನೂ ಭಾಷಣದಂತೆಯೇ ಬರೆಯುತ್ತಿದ್ದರು. ಹಿಂದಿನ ವರ್ಷ ಬೀದಿದೀಪದ ಬಗ್ಗೆ ನಗರಸಭೆಗೆ ಹದಿನಾರು ಪುಟ ಕೊಟ್ಟಿದ್ದರು. ಅದು ತಿಂಗಳಾದ ಮೇಲೆ ವಾಪಸ್ಸು ಬಂತು. 'ಹಲವಾರು ಬೀದಿಗಳಲ್ಲಿ ದೀಪವಿಲ್ಲ' ಎಂಬ ಸಾಲಿನ ಪಕ್ಕದಲ್ಲಿ ಎಂಜಿನಿಯರ್ ದೇವರಾಜ್ ಹಸಿರು ಶಾಯಿಯಲ್ಲಿ ಬರೆದಿದ್ದರು: 'ಎಷ್ಟು? ಯಾವುವು?' ಉತ್ತರ ಕೊಡಲು ಕೇಂದ್ರದಲ್ಲಿ ಯಾರ ಬಳಿಯೂ ಪಟ್ಟಿ ಇರಲಿಲ್ಲ. ಅಲ್ಲಿಗೆ ಬೀದಿದೀಪದ ಕಥೆ ಮುಗಿಯಿತು.

ಈ ವರ್ಷದ ವಿಷಯ ನೀರು. ಇಳಿಜಾರಿನ ಬೀದಿಯಲ್ಲಿ ಬಾಡಿಗೆ ಕೋಣೆಗಳ ಮೂರು ವಠಾರಗಳಿವೆ: ಚಿಕ್ಕಬೈರಪ್ಪನವರದು, ದಾಸಪ್ಪನವರದು, ವೆಂಕಟಪ್ಪನವರದು. ಮೂವರೂ ಮೂಲ ಊರಿನವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕೋಣೆ ಬೆಳೆಸಿದ್ದಾರೆ. ಅಲ್ಲಿ ಇರುವವರು ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯ ಕೆಲಸಗಾರರು. ಅವರನ್ನು ಒಯ್ಯುವ ಬಸ್ಸು ಎಂಟಕ್ಕೆ ಹೊರಡುತ್ತದೆ. ಎರಡು ದಿನಕ್ಕೊಮ್ಮೆ ಬರುವ ನೀರು ಒಂಬತ್ತಕ್ಕೆ ಬರುತ್ತದೆ. ನೀರು ಬೇಕೆಂದರೆ ಮನೆಯಲ್ಲಿ ಒಬ್ಬರು ಉಳಿಯಬೇಕು, ಹಾಗೆ ಉಳಿದವರಿಗೆ ಕೆಲಸಕ್ಕೆ ತಡವಾಗುತ್ತದೆ. ಇಡೀ ಬೀದಿಗೆ ನೀರು ಬಿಡುವ ಹೊತ್ತನ್ನು ಬೆಳಗಿನ ಐದೂವರೆಗೆ ಬದಲಿಸಿ ಎಂಬುದು ಕೇಂದ್ರದ ಕೋರಿಕೆ. ಮುಂದಿನ ವಾರ ಬುಧವಾರ ನಗರಸಭೆಯಲ್ಲಿ ಅದರ ಮಾತು ಬರಲಿತ್ತು. ಒಮ್ಮೆ ಬಿದ್ದುಹೋದರೆ ಇನ್ನೊಂದು ವರ್ಷ ಆ ಮಾತೆತ್ತುವಂತಿಲ್ಲ.

ದಾಸಪ್ಪನವರ ವಠಾರದ ಕೊನೆಯ ಕೋಣೆಯಲ್ಲಿ ಭಾಗ್ಯಶ್ರೀಯ ಅಪ್ಪ ಅಮ್ಮ ಇದ್ದರು. ಅವಳು ಮದುವೆಯಾಗಿ ಬೊಮ್ಮನಹಳ್ಳಿಗೆ ಹೋಗಿ ಮೂರು ವರ್ಷವಾಗಿತ್ತು. ಅಮ್ಮ ಚನ್ನಕ್ಕ ಒಂದು ಕಂಪನಿಯಲ್ಲಿ ಶೌಚಾಲಯ ತೊಳೆಯುವ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಳು. ಆರು ತಿಂಗಳ ಹಿಂದೆ ಬಿಟ್ಟಳು. "ನೀರ್ ಹಿಡಿಯಾಕ ನಿಂತ್ರ ತಡ ಆಗ್ತಿತ್ತು, ತಗದ್ರು," ಎಂದಿದ್ದಳು. ಹಾಗಾಗಿ ಈ ನೀರಿನ ವರದಿ ಭಾಗ್ಯಶ್ರೀಗೆ ಬರೀ ವರದಿಯಾಗಿರಲಿಲ್ಲ. ಅಮ್ಮನಿಗಾದ ಅನ್ಯಾಯಕ್ಕೆ ಯಾರಿಂದಾದರೂ ಉತ್ತರ ಕೇಳಬೇಕೆಂಬ ಹಟ ಅದರಲ್ಲಿ ಇತ್ತು.

ಸೋಮವಾರ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಒಂಬತ್ತು ಪುಟದ ಕರಡನ್ನು ಅವಳ ಮೇಜಿನ ಮೇಲಿಟ್ಟರು.

"ಭಾಗ್ಯ, ಇದನ್ನ ಒಂದ್ಸಲ ನೋಡ್ಬಿಡು. ಹೋದ ವರ್ಷದ ಥರ ಆಗ್ಬಾರ್ದು. ಎಲ್ಲೆಲ್ಲಿ ಹಲವು, ಕೆಲವು ಅಂತ ಇದ್ಯೋ ಅಲ್ಲೆಲ್ಲ ನಂಬರ್ ತುಂಬಿಸು. ಫಾರಂಗಳು ನಿನ್ ಹತ್ರಾನೇ ಇವೆಯಲ್ಲ."

ಸುಲಭದ ಕೆಲಸವೆಂದು ಅವರು ಹೇಳಿದರು, ಸುಲಭದ ಕೆಲಸವೆಂದೇ ಇವಳು ಕೆಂಪು ಪೆನ್ನು ಹಿಡಿದಳು. ಒಂಬತ್ತು ಪುಟಗಳಲ್ಲಿ ಇಪ್ಪತ್ತೇಳು ಕಡೆ ಸುತ್ತು ಹಾಕಿದಳು. 'ಹೆಚ್ಚಿನವರು', 'ಸಾಕಷ್ಟು', 'ಅನೇಕ ಸಂದರ್ಭಗಳಲ್ಲಿ', 'ಆಗಾಗ್ಗೆ'. ಬಹಳಷ್ಟನ್ನು ಮಧ್ಯಾಹ್ನದೊಳಗೆ ತುಂಬಿದಳು. 'ಆಗಾಗ್ಗೆ' ಎಂಬಲ್ಲಿ 'ಎರಡು ದಿನಕ್ಕೊಮ್ಮೆ' ಬಂತು. 'ದೀರ್ಘಕಾಲ' ಎಂಬಲ್ಲಿ 'ಒಂದೂವರೆ ಗಂಟೆ' ಬಂತು. ಇಡೀ ವರದಿ ನಿಂತಿದ್ದ ಮೂರು ಸಾಲು ಮಾತ್ರ ಉಳಿದವು.

ಒಂದು: 'ಬಹುತೇಕ ಮನೆಗಳವರು ನೀರಿಗಾಗಿ ಕೆಲಸಕ್ಕೆ ತಡವಾಗಿ ಹೋಗುತ್ತಾರೆ ಅಥವಾ ರಜೆ ಹಾಕುತ್ತಾರೆ.' ಇನ್ನೊಂದು: 'ತೊಟ್ಟಿ ಇಲ್ಲದ ವಠಾರಗಳಲ್ಲಿ ಸಮಸ್ಯೆ ಗಣನೀಯವಾಗಿ ಹೆಚ್ಚು.' ಮತ್ತೊಂದು: 'ಹಲವಾರು ಮಹಿಳೆಯರು ಕೆಲಸವನ್ನೇ ಕಳೆದುಕೊಂಡಿದ್ದಾರೆ.'

ಮೊದಲ ಸಾಲಿಗೆ ಫಾರಂ ಎಣಿಸಿದಳು. ಮೂರು ವಠಾರ ಸೇರಿ ನೂರ ನಾಲ್ಕು ಮನೆ, ನೂರ ನಾಲ್ಕು ಫಾರಂ. ಕಳೆದ ಮೂವತ್ತು ದಿನಗಳಲ್ಲಿ ಒಂದು ದಿನವಾದರೂ ನೀರಿಗಾಗಿ ತಡ ಅಥವಾ ರಜೆ ಆಗಿದೆಯೇ ಎಂಬ ಪ್ರಶ್ನೆಗೆ 'ಹೌದು' ಎಂದಿದ್ದು ಐವತ್ತೈದು. ಅರ್ಧಕ್ಕಿಂತ ಹೆಚ್ಚು. ಬಹುತೇಕ ಎಂದರೆ ತೀರ ಸುಳ್ಳಲ್ಲ. ಖುಷಿಯಾಯಿತು. ಬರೆಯಲು ಹೊರಟವಳ ಕಣ್ಣು ಒಂದು ಫಾರಂನ ಮೂಲೆಗೆ ಬಿತ್ತು. ಅಲ್ಲಿ ಪೆನ್ಸಿಲಿನಲ್ಲಿ ಅವಳದೇ ಅಕ್ಷರದಲ್ಲಿ ಸಣ್ಣದಾಗಿ 'ಬೀಗ' ಎಂದಿತ್ತು.

ಅದೊಂದು ರೂಢಿ. ವಠಾರದಲ್ಲಿ ಸಮೀಕ್ಷೆಗೆ ಹೋದರೆ ಬೀಗ ಹಾಕಿದ ಮನೆ ಸಿಕ್ಕೇ ಸಿಗುತ್ತದೆ. ಪಕ್ಕದ ಮನೆಯವಳು ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿರುತ್ತಾಳೆ. "ಅವ್ರದೂ ನಮ್ಮಂಗ ಅಕ್ಕಾ, ಬರಕೋರಿ," ಎನ್ನುತ್ತಾಳೆ. ಒಂದೇ ನಲ್ಲಿ, ಒಂದೇ ಸಾಲು, ಒಂದೇ ಜಿಲ್ಲೆ. ಬೇರೆ ಏನಿದ್ದೀತು ಎಂದು ಬರೆದುಕೊಳ್ಳುವುದು. ವಠಾರದಲ್ಲಿ ಬೆಳೆದ ಭಾಗ್ಯಶ್ರೀಗೆ ಇದು ತಪ್ಪೆಂದು ಹೊಳೆದೇ ಇರಲಿಲ್ಲ. ಈಗ ಒಂದೊಂದೇ ಫಾರಂ ತಿರುವಿದಳು. 'ಬೀಗ' ಎಂಬ ಗುರುತು ಇಪ್ಪತ್ತೆರಡು ಫಾರಂಗಳಲ್ಲಿತ್ತು. ಅವುಗಳಲ್ಲಿ ಇಪ್ಪತ್ತು 'ಹೌದು'.

ಗುರುತೇ ಇಲ್ಲದ ಇನ್ನೊಂದು ಫಾರಂ ಇತ್ತು. ದಾಸಪ್ಪನವರ ವಠಾರದ ಕೊನೆಯ ಕೋಣೆಯದು. ಅದನ್ನು ಅವಳು ಬೊಮ್ಮನಹಳ್ಳಿಯ ಬಸ್ಸಿನಲ್ಲಿ ಕೂತು ತುಂಬಿದ್ದಳು. ಹೆತ್ತ ತಾಯಿಯ ಕಷ್ಟ ತಾಯಿಯನ್ನೇ ಕೇಳಿ ತಿಳಿಯಬೇಕೇ ಎಂದುಕೊಂಡಿದ್ದಳು. ಅದರಲ್ಲೂ 'ಹೌದು' ಎಂದಿತ್ತು. ಕೆಳಗೆ 'ಕೆಲಸ ಹೋಯಿತು, ಕಾರಣ ನೀರು' ಎಂದು ಎರಡು ಗೆರೆ ಎಳೆದಿತ್ತು.

ಇಪ್ಪತ್ತಮೂರು ಫಾರಂಗಳನ್ನು ಬೇರೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಎದ್ದು ಜ್ಯೋತಿಲಕ್ಷ್ಮಿಯವರ ಮುಂದೆ ಇಟ್ಟಳು.

"ಮೇಡಂ, ಇವನ್ನ ನಾನು ಅವರನ್ನ ಕೇಳಿ ಬರ್ದಿಲ್ಲ. ಪಕ್ಕದವರನ್ನ ಕೇಳಿ ಬರೆದಿದ್ದೀನಿ. ಒಂದನ್ನ ಯಾರನ್ನೂ ಕೇಳ್ದೇನೇ ಬರೆದಿದ್ದೀನಿ. ಇವನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

ಜ್ಯೋತಿಲಕ್ಷ್ಮಿ ಫಾರಂ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. ಮುಖ ಸಣ್ಣದಾಯಿತು.

"ಇವನ್ನ ತೆಗೆದ್ರೆ ಎಷ್ಟಾಗುತ್ತೆ?"

"ಎಂಬತ್ತೊಂದರಲ್ಲಿ ಮೂವತ್ನಾಲ್ಕು."

"ಅರ್ಧಾನೂ ಇಲ್ವಲ್ಲೇ. ಬಹುತೇಕ ಅನ್ನೋ ಮಾತೇ ಹೋಯ್ತು. ಚಿಕ್ಕಬೈರಪ್ಪ ಸಭೆಗೆ ಬರ್ತಾರೆ, ಗೊತ್ತಲ್ಲ. ಹೊತ್ತು ಬದಲಾಯಿಸಿದ್ರೆ ಊರೊಳಗಿನ ಸರದಿ ಹಿಂದಕ್ಕೆ ಹೋಗುತ್ತೆ ಅಂತ ಅವ್ರು ಒಪ್ಪಲ್ಲ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ತೊಂದ್ರೇನೇ ಇಲ್ಲ ಅಂತ ನಮ್ಮ ವರದೀನೇ ತೋರಿಸ್ತಾರೆ." ದನಿ ತಗ್ಗಿಸಿ, "ಹಾಗೇ ಬಿಟ್ರೆ ಏನಾಗುತ್ತೆ? ಪಕ್ಕದ ಮನೆಯವರು ಸುಳ್ಳು ಹೇಳಿರ್ತಾರಾ?"

ಆ ಆಸೆ ಭಾಗ್ಯಶ್ರೀಗೂ ಬಂದಿತ್ತು. ತನ್ನ ಮೇಜಿನಿಂದ ಅವರ ಮೇಜಿಗೆ ಬರುವ ಎಂಟು ಹೆಜ್ಜೆಯಲ್ಲಿ ಅದನ್ನು ಅವಳು ತುಳಿದು ಬಂದಿದ್ದಳು.

"ಸುಳ್ಳು ಹೇಳಿರಲ್ಲ ಮೇಡಂ. ಗೊತ್ತಿಲ್ದೆ ಹೇಳಿರ್ಬೋದು. ದೇವರಾಜ್ ಸಾರ್ ಒಂದೇ ಒಂದು ಮನೆಗೆ ಹೋಗಿ ಕೇಳಿ, ಅವರು ಇಲ್ಲ ಅಂದುಬಿಟ್ರೆ, ನಿಜ ಹೇಳಿದ ಮೂವತ್ನಾಲ್ಕು ಮನೇನೂ ಸುಳ್ಳಾಗುತ್ತೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಬೀದಿದೀಪಕ್ಕೆ ಹೋದ ಮಾನವೇ ಇನ್ನೂ ಬಂದಿರಲಿಲ್ಲ. ಜ್ಯೋತಿಲಕ್ಷ್ಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರಿ. ಎಂಟು ದಿನ ಇದೆ. ಏನ್ ಮಾಡ್ತೀಯ?"

"ಇಪ್ಪತ್ತಮೂರು ಮನೆಗೂ ಮತ್ತೆ ಹೋಗ್ತೀನಿ. ಬೀಗ ತೆಗೆಯೋ ಹೊತ್ತಿಗೆ ಹೋಗ್ತೀನಿ."

"ನಿಮ್ಮಮ್ಮನ ಮನೆಗೆ ಬೇಡ. ಅಲ್ಲಿಗೆ ದಿವ್ಯಾ ಹೋಗ್ಲಿ. ಮಗಳ ಮುಂದೆ ತಾಯಿ ಮಗಳಿಗೆ ಬೇಕಾದ್ದನ್ನೇ ಹೇಳ್ತಾಳೆ."

ದಿವ್ಯಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿ. ಭಾಗ್ಯಶ್ರೀ ತಲೆಯಾಡಿಸಿದಳು.

ಬೀಗ ತೆಗೆಯುವ ಹೊತ್ತು ಎಂದರೆ ಬೆಳಗಿನ ಆರು. ಮಂಗಳವಾರದಿಂದ ಬೊಮ್ಮನಹಳ್ಳಿಯ ಮೊದಲ ಬಸ್ಸು ಹಿಡಿದು ಬಂದಳು. ಒಲೆಯ ಮುಂದೆ ಕೂತು ಕೇಳಿದಳು, ತಲೆ ಬಾಚಿಕೊಳ್ಳುವವರ ಪಕ್ಕದಲ್ಲಿ ನಿಂತು ಕೇಳಿದಳು, ಕಂಪನಿ ಬಸ್ಸು ನಿಲ್ಲುವ ಮೂಲೆಯಲ್ಲಿ ಫಾರಂ ಹಿಡಿದು ಕಾದಳು. ಸಿಗದವರನ್ನು ಭಾನುವಾರ ಹಿಡಿದಳು. ಒಬ್ಬಾಕೆಯ ಮನೆಗೆ ನಾಲ್ಕು ಸಲ ಹೋದಳು. ಐದನೇ ಸಲ ಆಕೆಯೇ ನಕ್ಕು, "ಬಾರವಾ, ನಿನ್ನ ಕಾಟಕ್ಕರ ಹೇಳ್ತೀನಿ," ಎಂದು ಕರೆದಳು.

ಕೇಳಿಸಿಕೊಂಡ ಉತ್ತರ ಮಾತ್ರ ಅವಳಿಗೆ ಬೇಕಾದ ಉತ್ತರವಾಗಿರಲಿಲ್ಲ. ತಡವಾಗಿದೆ ಎಂದವರು ಇದ್ದರು. ಇಲ್ಲ ಎಂದವರು ಹೆಚ್ಚಿದ್ದರು. ಕೆಲವರಿಗೆ ರಾತ್ರಿ ಪಾಳಿ, ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲೇ ಇರುತ್ತಾರೆ. ಇನ್ನು ಕೆಲವರಿಗೆ ಪಕ್ಕದ ಮನೆಯವಳೇ ಡ್ರಮ್ಮು ತುಂಬಿಸಿ ಇಡುತ್ತಾಳೆ. 'ಅವ್ರದೂ ನಮ್ಮಂಗ' ಎಂದವಳು ತನ್ನ ಕಷ್ಟವನ್ನೇ ಇಬ್ಬರ ಹೆಸರಿನಲ್ಲಿ ಹೇಳಿದ್ದಳು. ಇನ್ನೊಬ್ಬರ ಕೊಡವನ್ನೂ ತಾನೇ ತುಂಬಿದ್ದು ಮಾತ್ರ ಹೇಳಿರಲಿಲ್ಲ.

'ಕೆಲಸ ಹೋಯಿತು' ಎಂದು ಮೂರು ಫಾರಂಗಳಲ್ಲಿತ್ತು. ಅದರಲ್ಲಿ ಒಂದು ಬೀಗದ ಮನೆಯದು. ಆ ಹೆಂಗಸು ಕೆಲಸ ಕಳೆದುಕೊಂಡಿರಲಿಲ್ಲ. ಮಗಳ ಬಾಣಂತನಕ್ಕೆ ಊರಿಗೆ ಹೋಗಿ ಬಂದು ಬೇರೆ ಗಾರ್ಮೆಂಟ್ಸಿಗೆ ಸೇರಿದ್ದಳು. ಇನ್ನೊಂದನ್ನು ಭಾಗ್ಯಶ್ರೀ ನೇರವಾಗಿ ಕೇಳಿಯೇ ಬರೆದಿದ್ದಳು. ಮತ್ತೆ ಹೋಗಿ ಕೇಳಿದಾಗಲೂ ಆಕೆ ಅದನ್ನೇ ಹೇಳಿದಳು: ತಿಂಗಳಲ್ಲಿ ಐದು ದಿನ ತಡವಾಯಿತು, ಆರನೇ ದಿನ ಗೇಟಿನೊಳಗೆ ಬಿಡಲಿಲ್ಲ. ಮೂರನೆಯದು ಅಮ್ಮನದು.

ಶುಕ್ರವಾರ ಮಧ್ಯಾಹ್ನ ದಿವ್ಯಾ ಬಂದು ಆ ಫಾರಂ ಮೇಜಿನ ಮೇಲಿಟ್ಟಳು. ಕೂರಲಿಲ್ಲ.

"ಅಕ್ಕ, ನಿಮಗೆ ತೋರಿಸ್ಬೋದಾ ಅಂತ ಅಮ್ಮನ್ನ ಕೇಳಿದೆ. ತೋರಿಸು ಅಂದ್ರು. ನಂಗೆ ಹೇಳೋಕೆ ಆಗಿಲ್ಲ, ಓದ್ಕೊಳ್ಲಿ ಅಂದ್ರು."

ತಡ ಅಥವಾ ರಜೆ: ಇಲ್ಲ. ಚನ್ನಕ್ಕ ಈಗ ಮನೆಯಲ್ಲೇ ಇರುವುದರಿಂದ ನೀರು ತಾನೇ ಹಿಡಿಯುತ್ತಾಳೆ, ಯಂಕಪ್ಪ ಹೊತ್ತಿಗೆ ಸರಿಯಾಗಿ ಹೋಗುತ್ತಾನೆ. ಕೆಲಸ ಬಿಟ್ಟ ಕಾರಣದ ಎದುರು ದಿವ್ಯಾಳ ದುಂಡು ಅಕ್ಷರದಲ್ಲಿ ಹೀಗಿತ್ತು: 'ಹಾಜರಿಗೆ ಬೆರಳಚ್ಚಿನ ಯಂತ್ರ ಬಂತು. ಆಸಿಡ್ ಹಾಕಿ ತೊಳೆದು ಬೆರಳು ಸವೆದಿದೆ. ಯಂತ್ರ ನನ್ನ ಬೆರಳು ತಗೊಳ್ಳಲಿಲ್ಲ. ಬಂದರೂ ಗೈರುಹಾಜರಿ ಬೀಳುತ್ತಿತ್ತು. ಎಲ್ಲರ ಮುಂದೆ ದಿನಾ ಬೆರಳು ಒರೆಸಿ ಒತ್ತಿಸುತ್ತಿದ್ದರು. ಬಿಟ್ಟೆ.'

ಭಾಗ್ಯಶ್ರೀ ಎರಡು ಸಲ ಓದಿದಳು. ಎದ್ದು ಬೇಕರಿಯ ಮೆಟ್ಟಿಲಿಳಿದು ವಠಾರಕ್ಕೆ ನಡೆದಳು. ಚನ್ನಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಮಗಳ ಮುಖ ನೋಡಿ, ಓದಿದ್ದಾಳೆ ಎಂದು ತಿಳಿದುಕೊಂಡಳು.

"ನಂಗ್ಯಾಕ ಹೇಳ್ಲಿಲ್ಲಬೇ?"

"ಏನಂತ ಹೇಳ್ಲಿ? ಹೇಲು ತೊಳದು ತೊಳದು ಬೆರಳ ಇಲ್ದಂಗ ಆಗ್ಯಾವ ಅಂತ ಹೇಳ್ಲೇನು?" ಚನ್ನಕ್ಕ ಸೀರೆಯ ಮಡಿಕೆಯನ್ನು ಒತ್ತಿ ಸರಿಮಾಡಿದಳು. "ನಾಚಿಕಿ ಬಂತು. ನೀರಿನ ಮ್ಯಾಲೆ ಹಾಕಿದೆ. ನೀರಿಗೇನು, ಎಲ್ರೂ ಬೈತಾರ."

ಭಾಗ್ಯಶ್ರೀ ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು. ತುದಿಗಳು ನದಿಯ ಕಲ್ಲಿನಷ್ಟು ನುಣುಪು. ಇಷ್ಟು ದಿನ ಈ ಕೈಯಿಂದ ಉಂಡಿದ್ದಾಳೆ, ನೋಡಿರಲಿಲ್ಲ. ಅವಳಿಗೆ ಅಳು ಬಂತು, ಜೊತೆಗೇ ತನ್ನ ಮೇಲೆ ಸಿಟ್ಟೂ ಬಂತು. ನೂರು ಮನೆಯ ಬಾಗಿಲು ತಟ್ಟಿದವಳು ಹೆತ್ತವಳನ್ನು ಒಂದು ಮಾತು ಕೇಳಿರಲಿಲ್ಲ.

"ನಿನ್ನ ಹೆಸರು ನೀರಿನ ಲೆಕ್ಕದಿಂದ ತಗೀತೀನಿ," ಎಂದಳು.

"ತಗೀ. ನನ್ನ ಸಲುವಾಗಿ ಸುಳ್ಳ ಬರೀಬ್ಯಾಡ," ಎಂದ ಚನ್ನಕ್ಕ ಕೈ ಬಿಡಿಸಿಕೊಂಡು ಕೇಳಿದಳು: "ನನ್ನ ತಗದ್ರ ನೀರ್ ಬರೂದಿಲ್ಲೇನು?"

"ಗೊತ್ತಿಲ್ಲ. ಆದ್ರೂ ತಗೀತೀನಿ."

ಸೋಮವಾರ ಲೆಕ್ಕ ಕೂಡಿತು. ಇಪ್ಪತ್ತಮೂರರಲ್ಲಿ ಹದಿನೇಳು ಮನೆ ಸಿಕ್ಕಿದವು, ಆರು ಸಿಗಲಿಲ್ಲ. ಸಿಕ್ಕವರಲ್ಲಿ 'ಹೌದು' ಎಂದವರು ಏಳು. ಒಟ್ಟು ತೊಂಬತ್ತೆಂಟರಲ್ಲಿ ನಲವತ್ತೊಂದು. ಭಾಗ್ಯಶ್ರೀ ಮತ್ತು ಜ್ಯೋತಿಲಕ್ಷ್ಮಿ ಮೂರು ಸಾಲುಗಳನ್ನು ಎದುರಿಟ್ಟುಕೊಂಡು ಕೂತರು.

ಮೊದಲನೆಯದು ಹೀಗಾಯಿತು: 'ಈ ಮೂರು ವಠಾರಗಳ 104 ಮನೆಗಳಲ್ಲಿ 98 ಮನೆಯವರು ಸ್ವತಃ ಉತ್ತರಿಸಿದ್ದಾರೆ; 6 ಮನೆಯವರು ಸಿಗಲಿಲ್ಲ. ಕಳೆದ ಮೂವತ್ತು ದಿನಗಳಲ್ಲಿ ನೀರಿಗಾಗಿ ಒಂದು ದಿನವಾದರೂ ಕೆಲಸಕ್ಕೆ ತಡವಾಯಿತು ಅಥವಾ ರಜೆಯಾಯಿತು ಎಂದವರು 41 ಮನೆಯವರು. ಇದು ಅವರೇ ಹೇಳಿದ್ದು. ಹಾಜರಿ ಪುಸ್ತಕ ನೋಡಿಲ್ಲ.'

"ಕೊನೇ ವಾಕ್ಯ ಬೇಕಾ?" ಎಂದು ಜ್ಯೋತಿಲಕ್ಷ್ಮಿ ಕೇಳಿದರು.

"ನಾವು ಹೇಳ್ದಿದ್ರೆ ಅವ್ರು ಕೇಳ್ತಾರೆ ಮೇಡಂ."

ಮೂರನೆಯ ಸಾಲು ತೀರ ಬಡವಾಯಿತು. 'ಹಲವಾರು ಮಹಿಳೆಯರು' ಇದ್ದಲ್ಲಿ 'ನೀರಿಗಾಗಿ ತಡವಾಗಿದ್ದರಿಂದ ಕೆಲಸ ಹೋಯಿತು ಎಂದು ಒಬ್ಬ ಮಹಿಳೆ ಹೇಳಿದ್ದಾರೆ' ಎಂದಷ್ಟೇ ಉಳಿಯಿತು. ಒಬ್ಬ ಮಹಿಳೆ ಎಂದು ಬರೆಯಲು ಭಾಗ್ಯಶ್ರೀಗೆ ಮನಸ್ಸಾಗಲಿಲ್ಲ. ಆದರೂ ಬರೆದಳು.

ಉಳಿದದ್ದು 'ಗಣನೀಯ'. "ಇದನ್ನ ಹಾಗೇ ಇಡ್ಬೋದಾ?" ಎಂದು ಅವಳು ಕೇಳಿದಳು. ಈ ಸಲ ಜ್ಯೋತಿಲಕ್ಷ್ಮಿಯೇ ಬೇಡವೆಂದರು. "ನಮ್ಮ ಶಾಸ್ತ್ರದಲ್ಲಿ ಈ ಪದ ಹಾಕಿದ್ರೆ ಅದಕ್ಕೊಂದು ಪರೀಕ್ಷೆ ಮಾಡಿರ್ಬೇಕು. ಈ ವ್ಯತ್ಯಾಸ ಆಕಸ್ಮಿಕವಾಗಿ ಬಂದಿರೋದಲ್ಲ ಅಂತ ತೋರಿಸ್ಬೇಕು. ನಾವು ಮಾಡಿಲ್ಲ. ಚೀಟಿ ಎತ್ತಿ ಮನೆ ಆರಿಸಿದವರೂ ಅಲ್ಲ, ಈ ಮೂರು ವಠಾರ ನಾವಾಗೇ ಆರಿಸಿದ್ದು. ಇಡೀ ಹೆಬ್ಬಗೋಡಿ ಬಗ್ಗೆ ಇದರಿಂದ ಏನೂ ಹೇಳೋಕಾಗಲ್ಲ. ಬರೀ ನಂಬರ್ ಹಾಕು, ಯಾವ ವಠಾರದಲ್ಲಿ ಎಷ್ಟು ಅಂತ."

ಭಾಗ್ಯಶ್ರೀ ಫಾರಂಗಳನ್ನು ಎರಡು ಗುಡ್ಡೆ ಮಾಡಿದಳು. ಚಿಕ್ಕಬೈರಪ್ಪನವರ ವಠಾರಕ್ಕೆ ತಾರಸಿಯ ಮೇಲೆ ತೊಟ್ಟಿ ಇದೆ. ಅಲ್ಲಿ ಉತ್ತರಿಸಿದ ಮನೆ ಮೂವತ್ತಾರು, 'ಹೌದು' ಆರು. ದಾಸಪ್ಪ ಮತ್ತು ವೆಂಕಟಪ್ಪನವರ ವಠಾರಗಳಿಗೆ ತೊಟ್ಟಿ ಇಲ್ಲ. ಅಲ್ಲಿ ಉತ್ತರಿಸಿದ ಮನೆ ಅರವತ್ತೆರಡು, 'ಹೌದು' ಮೂವತ್ತೈದು. ಅವಳು ಎಣಿಸಿದ್ದನ್ನು ಮತ್ತೆ ಎಣಿಸಿದಳು. ಅಷ್ಟೇ ಬಂತು.

"ಮೇಡಂ," ಎಂದಳು. "ಎಲ್ಲರನ್ನೂ ಒಟ್ಟಿಗೆ ಹಾಕಿದ್ರೆ ಅರ್ಧ ಇಲ್ಲ. ಈ ಎರಡು ವಠಾರದಲ್ಲಿ ಮಾತ್ರ ಅರ್ಧಕ್ಕಿಂತ ಜಾಸ್ತಿ. ನಾವು ಯಾಕೆ ಇಡೀ ಬೀದಿಗೆ ಹೊತ್ತು ಬದಲಾಯಿಸಿ ಅಂತ ಕೇಳ್ತಿದ್ದೀವಿ?"

ಜ್ಯೋತಿಲಕ್ಷ್ಮಿ ಕನ್ನಡಕ ಹಾಕಿಕೊಂಡು ಆ ಎರಡು ಗುಡ್ಡೆಯನ್ನು ನೋಡಿದರು. ಕೋರಿಕೆಯ ಪುಟವನ್ನು ಹರಿದು, ಆ ಎರಡು ವಠಾರಗಳಿಗೆ ಮಾತ್ರ ಎಂದು ಹೊಸದಾಗಿ ಬರೆದರು.

ಬುಧವಾರದ ಸಭೆಗೆ ಚಿಕ್ಕಬೈರಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಎಂಜಿನಿಯರ್ ದೇವರಾಜ್ ವರದಿಯನ್ನು ಮಡಚಿ ಹಿಡಿದು, ಹಸಿರು ಪೆನ್ನಿನ ಮುಚ್ಚಳ ತೆಗೆದು ಓದುತ್ತಿದ್ದರು. ಆ ಮುಚ್ಚಳದ ಸದ್ದು ಕೇಳಿ ಜ್ಯೋತಿಲಕ್ಷ್ಮಿ, "ನೀನೇ ಮಾತಾಡು, ನಂಗೆ ಭಾಷಣ ಬಂದ್ಬಿಡುತ್ತೆ," ಎಂದು ಭಾಗ್ಯಶ್ರೀಯ ಕಿವಿಯಲ್ಲಿ ಹೇಳಿದರು.

ಚಿಕ್ಕಬೈರಪ್ಪನವರೇ ಮೊದಲು ಬಾಯಿ ತೆಗೆದರು. "ನೋಡಿ ಸಾರ್, ನಮ್ ವಠಾರದಾಗೆ ಯಾರ್ಗೂ ಏನೂ ತೊಂದ್ರೆ ಇಲ್ಲ. ಇಂಗೆ ಎಲ್ರಿಗೂ ತೊಂದ್ರೆ ಅಂತ ಬರಕೊಂಡ್ ಬಂದ್ರೆ ಅಂಗೆ ಒಪ್ಪಕ್ಕಾಯ್ತದಾ?"

"ಎಲ್ಲರಿಗೂ ಅಂತ ಬರೆದಿಲ್ಲ ಯಜಮಾನ್ರೇ," ಎಂದಳು ಭಾಗ್ಯಶ್ರೀ ಎದ್ದು ನಿಂತು. "ನಿಮ್ಮ ವಠಾರದಲ್ಲಿ ಮೂವತ್ತಾರು ಮನೆಯವರು ಉತ್ತರ ಕೊಟ್ರು. ಮೂವತ್ತು ಮನೆಯವರು ತೊಂದ್ರೆ ಇಲ್ಲ ಅಂದ್ರು. ಆರು ಮನೆಯವರು ಇದೆ ಅಂದ್ರು."

ಜಗಳಕ್ಕೆ ಸಿದ್ಧವಾಗಿ ಬಂದವರಿಗೆ ಅರ್ಧ ಜಗಳವನ್ನು ಎದುರಿನವರೇ ಬಿಟ್ಟುಕೊಟ್ಟರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಚಿಕ್ಕಬೈರಪ್ಪ ಹಿಂದಕ್ಕೆ ಒರಗಿದರು.

"ಆರಾ? ಯಾವ ಆರಮ್ಮ?"

"ಮನೆ ನಂಬರ್ ಹೇಳೋ ಹಾಗಿಲ್ಲ, ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಆರೂ ಮೂರನೇ ಮಹಡೀಲಿವೆ."

"ಓ," ಎಂದರು ಅವರು. "ತೊಟ್ಟಿ ನೆತ್ತಿ ಮೇಲೇ ಐತೆ, ಆ ಮಹಡಿಗೆ ನೀರು ಸರಿಯಾಗಿ ಇಳಿಯಲ್ಲ, ಅದು ದಿಟ. ಅದು ನಂದೇ ಪೈಪು, ನಾನೇ ಸರಿ ಮಾಡ್ಸ್ಕೋತೀನಿ."

ದೇವರಾಜ್ ತಲೆ ಎತ್ತಿದರು. "ಆರು ಮನೆಯವರು ಸಿಗ್ಲಿಲ್ಲ ಅಂತ ಬರೆದಿದ್ದೀರ. ಯಾಕೆ?"

"ಐದೈದು ಸಲ ಹೋದೆ ಸಾರ್. ಇಬ್ರು ಖಾಲಿ ಮಾಡ್ಕೊಂಡು ಹೋಗಿದ್ರು. ನಾಲ್ಕು ಮನೆಗೆ ಬೀಗ. ಮೊದಲು ಪಕ್ಕದವರನ್ನ ಕೇಳಿ ತುಂಬಿದ್ದೆ. ತಪ್ಪು ಅಂತ ತೆಗೆದುಹಾಕಿದೆ."

ಸಭೆಯಲ್ಲಿ ತನ್ನ ತಪ್ಪನ್ನು ತಾನೇ ಹೇಳುವವರನ್ನು ಅವರು ಬಹುಶಃ ಕಂಡಿರಲಿಲ್ಲ. ಹಸಿರು ಪೆನ್ನು ಅಂಚಿನ ಬಿಳಿ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತು, ಏನನ್ನೂ ಬರೆಯದೆ ಕೆಳಗಿಳಿಯಿತು. ಅವರು ಗೋಡೆಗೆ ಒರಗಿ ನಿಂತಿದ್ದ ನೀರು ಬಿಡುವ ಕೃಷ್ಣನನ್ನು ಕರೆದರು.

"ದಾಸಪ್ಪ, ವೆಂಕಟಪ್ಪ, ಆ ಎರಡು ವಠಾರ ಯಾವ ವಾಲ್ವ್ ಮೇಲಿವೆ?"

"ಎರಡೂ ಕೆಳಗಿನ ವಾಲ್ವೇ ಸಾರ್. ಬೇರೆ ಯಾರೂ ಇಲ್ಲ ಅದರ್ ಮೇಲೆ."

"ಅದೊಂದನ್ನ ಬೆಳಿಗ್ಗೆ ಐದೂವರೆಗೆ ತೆಗೆದ್ರೆ ಊರೊಳಗೆ ಸರದಿ ಕೆಡುತ್ತಾ?"

"ಕೆಡಲ್ಲ ಸಾರ್. ನಾನು ಒಂದು ಗಂಟೆ ಮುಂಚೆ ಏಳ್ಬೇಕು, ಅಷ್ಟೇ," ಎಂದ ಕೃಷ್ಣ, ಸಂತೋಷವೇನೂ ಇಲ್ಲದ ದನಿಯಲ್ಲಿ.

"ಒಂದು ತಿಂಗಳು ಮಾಡಿ ನೋಡೋಣ. ತಿಂಗಳಾದ್ಮೇಲೆ ಅದೇ ಅರವತ್ತೆರಡು ಮನೆಯವರನ್ನ ಕೇಳಿ ಎಷ್ಟು ಅಂತ ತಂದುಕೊಡಿ," ಎಂದರು ದೇವರಾಜ್. "ಸುಧಾರಿಸಿದೆ ಅಂತ ತರ್ಬೇಡಿ. ಎಷ್ಟು ಅಂತ ತನ್ನಿ."

ಹೊರಗೆ ಬಂದ ಮೇಲೆ ಜ್ಯೋತಿಲಕ್ಷ್ಮಿ ಅವಳ ಭುಜವನ್ನೊಮ್ಮೆ ಒತ್ತಿ ಆಟೊ ಹತ್ತಿದರು. ಭಾಗ್ಯಶ್ರೀ ವಠಾರಕ್ಕೆ ನಡೆದು ಹೋಗಿ ಅಮ್ಮನಿಗೆ ಸುದ್ದಿ ಹೇಳಿದಳು. "ನನ್ನ ಬಿಟ್ರೂ ಬಂತಲ್ಲ," ಎಂದಳು ಚನ್ನಕ್ಕ.

ತಿಂಗಳು ಕಳೆದು ಮತ್ತೆ ಫಾರಂ ಹೊರಟವು. ಕೊನೆಯ ಕೋಣೆ ಈ ಸಲವೂ ದಿವ್ಯಾಳದೇ. ಭಾನುವಾರ ಬೆಳಿಗ್ಗೆ ಅವಳು ಚಾಪೆಯ ಮೇಲೆ ಕೂತು ಕೇಳುತ್ತಿದ್ದಳು. ಪಕ್ಕದ ಮನೆ ಮುಗಿಸಿ ಬಂದ ಭಾಗ್ಯಶ್ರೀ ಒಳಗೆ ಹೋಗದೆ ಹೊಸ್ತಿಲ ಹೊರಗೇ ಗೋಡೆಗೆ ಒರಗಿ ನಿಂತಳು.

"ನೀರು ಈಗ ಹೆಂಗ್ ಬರ್ತಿದೆ ಅಮ್ಮ?"

"ಭಾಳ ಚಲೋ," ಎಂದಳು ಚನ್ನಕ್ಕ. ದಿವ್ಯಾಳ ಪೆನ್ನು ಬರೆಯದೆ ನಿಂತಿತು. ಚನ್ನಕ್ಕ ಪೆನ್ನು ನೋಡಿ ನಕ್ಕಳು. "ತಡಿ, ಸರಿಯಾಗಿ ಹೇಳ್ತೀನಿ. ತಿಂಗಳಿಗೆ ಹದಿನೈದು ಸರದಿ. ಹದಿಮೂರು ಸಲ ಐದೂವರಿಗೆ ಬಂತು. ಎರಡು ಸಲ ಕರೆಂಟ್ ಇರ್ಲಿಲ್ಲ, ಏಳಕ್ಕ ಬಂತು. ಗ್ವಾಡಿ ಮ್ಯಾಲೆ ಇದ್ದಲಿಲೆ ಗೀಟ ಹಾಕೀನಿ, ಎಣಸ್ಕೋ."

ದಿವ್ಯಾ ಎದ್ದು ಗೋಡೆಯ ಗೀಟು ಎಣಿಸಿ ಬರೆದುಕೊಂಡಳು. "ಮನೇಲಿ ಯಾರಾದ್ರೂ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾ?"

"ನಾನು. ಮೆಸ್ಸಿನಾಗ ರೊಟ್ಟಿ ಬಡಿಯಾಕ ಹೋಗ್ತೀನಿ, ಹನ್ನೆರಡು ದಿನ ಆತು."

"ನೀರಿನ ಟೈಮ್ ಬದಲಾಗಿದ್ದಕ್ಕೆ ಅನುಕೂಲ ಆಯ್ತಾ?"

ಹೌದು ಎಂದರೆ ವರದಿಗೆ ಒಳ್ಳೆಯದಿತ್ತು. ಹೊಸ್ತಿಲ ಹೊರಗೆ ನಿಂತವಳಿಗೂ ಅದು ಗೊತ್ತಿತ್ತು, ಒಳಗೆ ಕೂತವಳಿಗೂ ಗೊತ್ತಿತ್ತು. ಚನ್ನಕ್ಕ ತನ್ನ ನುಣುಪು ಬೆರಳುಗಳನ್ನು ಮಡಿಲಲ್ಲಿ ಬಿಡಿಸಿ ಇಟ್ಟುಕೊಂಡು ಹೇಳಿದಳು.

"ಇಲ್ಲವಾ, ಅದನ್ನ ನೀರಿಗೆ ಬರೀಬ್ಯಾಡ. ಮೆಸ್ಸಿನಾಗ ಬೆರಳೊತ್ತೋ ಮಷೀನ್ ಇಲ್ಲ. ಅದಕ್ಕ ಹೊಂಟೀನಿ."